ಫೋಟೋ ಎಲ್ಲಿಗೂ ಓಡಿಹೋಗಲ್ಲ, ಮನೆಗೆ ಬಂದ ಮೇಲೆ ಹಾಕೋಣ

ಜುಲೈ ಕೊನೆಗೆ ಶಾಲೆಗಳಿಗೆ ರಜೆ ಬಿಡುತ್ತಿದ್ದಂತೆ ಇಂಗ್ಲೆಂಡಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಸೂಟ್‌ಕೇಸು ತೂಗುವ ಸಡಗರ ಶುರುವಾಗುತ್ತದೆ. ಎರಡು ವರ್ಷದ ಕೆಳಗೆ ನಾವೂ ಹಾಗೇ ಹೊರಟೆವು. ಜುಲೈ 24ಕ್ಕೆ ರೆಡಿಂಗ್‌ನಿಂದ ಹೊರಟು, ಹಾಸನದಲ್ಲಿ ಅಣ್ಣನ ಮನೆಯ ಗೃಹಪ್ರವೇಶ ಮುಗಿಸಿ, ಆಗಸ್ಟ್ 30ಕ್ಕೆ ವಾಪಸ್. ಹೀಥ್ರೂದಲ್ಲಿ ನಾಲ್ಕೂ ಜನ ನಿಂತು ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆವು. ಕೆಳಗೆ, "ಆರು ವರ್ಷದ ಮೇಲೆ ಊರಿಗೆ! 30ಕ್ಕೆ ಸಿಗೋಣ" ಅಂತ ಇಂಗ್ಲಿಷಿನಲ್ಲಿ ಬರೆದಿದ್ದೆವು.

ಮೂರನೇ ದಿನ ಒಂದು ಮೆಸೇಜು ಬಂತು. "ಚೆನ್ನಾಗಿ ಕಾಲ ಕಳೆಯಿರಿ, 30ಕ್ಕೆ ಬರ್ತೀರಲ್ವಾ?" ಅಂತ. ಕಳಿಸಿದವರು ಯಾರು ಅಂತ ನೆನಪಾಗಲು ಎರಡು ನಿಮಿಷ ಬೇಕಾಯಿತು. ಮಾರ್ಚಿನಲ್ಲಿ ನಮ್ಮ ಹಳೇ ಸೋಫಾ ಕೊಂಡುಕೊಂಡು ಹೋದ ಮನುಷ್ಯ. ಪಕ್ಕದ ಗೇಟಿನಿಂದ ಒಳಗೆ ಬಂದು, ಹಿಂದಿನ ಗಾಜಿನ ಬಾಗಿಲಿನಿಂದ ಸೋಫಾ ಹೊರಗೆ ಸಾಗಿಸಿದ್ದರು. ಪಾಪ, ಒಳ್ಳೆಯವರೇ. ಆದರೆ ನಮ್ಮ ಮನೆ ಎಲ್ಲಿದೆ, ಹಿಂದಿನ ಬಾಗಿಲು ಎಂಥದ್ದು, ಯಾವತ್ತಿನವರೆಗೆ ಖಾಲಿ ಇರುತ್ತದೆ, ಈ ಮೂರೂ ಅವರಿಗೆ ಗೊತ್ತಿತ್ತು. ಮೂರನೆಯದನ್ನು ನಾವೇ ಹೇಳಿದ್ದೆವು.

ಲೆಕ್ಕ ಬರೆಯುವ ಕೆಲಸದವರಾದ್ದರಿಂದ ಅವತ್ತು ರಾತ್ರಿ ಕೂತು ಎಣಿಸಿದೆವು. ಮರುದಿನವೂ ಅದೇ ಸಾಲು ಬರೆದು ಇನ್ನೊಂದು ಫೋಟೋ ಹಾಕಿದ್ದೆವು, ಅದು ಇನ್ನೂ ಇತ್ತು. ಸ್ಟೇಟಸ್ ಕೆಳಗೆ ಕಣ್ಣಿನ ಗುರುತು ಒತ್ತಿದರೆ ನೋಡಿದವರ ಹೆಸರು ಬರುತ್ತದಲ್ಲ, ಅಲ್ಲಿ 94 ಜನ ಇದ್ದರು. ಬಂಧುಗಳು, ಸ್ನೇಹಿತರು, ಆಫೀಸಿನವರು ಎಲ್ಲ ಸೇರಿ 70. ಉಳಿದ 24ರಲ್ಲಿ ಬಾಯ್ಲರ್ ರಿಪೇರಿಯವರು, ಏರ್‌ಪೋರ್ಟ್ ಟ್ಯಾಕ್ಸಿಯವರು, ಬೇಲಿ ಹಾಕಿದವರು, ಸೋಫಾ ಕೊಂಡವರು. ಅವರಲ್ಲೂ 11 ಜನರ ಮುಖವೇ ನೆನಪಾಗಲಿಲ್ಲ.

ನಾವು ತಪ್ಪು ತಿಳಿದುಕೊಂಡಿದ್ದು ಇಲ್ಲೇ. ಅಪರಿಚಿತರು ಅಂದರೆ ಎಲ್ಲೋ ಕೂತು ಫೇಸ್‌ಬುಕ್ ಜಾಲಾಡುವವರು ಅಂದುಕೊಂಡಿದ್ದೆವು. ವಾಟ್ಸಾಪ್ ಸ್ಟೇಟಸ್ ನಮ್ಮವರಿಗೆ ಮಾತ್ರ ಅಂತಲೂ ನಂಬಿದ್ದೆವು. ನಿಜವಾಗಿ ಅದು ಯಾರ ನಂಬರು ನಮ್ಮಲ್ಲಿ, ನಮ್ಮ ನಂಬರು ಯಾರಲ್ಲಿ, ಎರಡೂ ಸೇವ್ ಆಗಿದೆಯೋ ಅವರಿಗೆಲ್ಲ ಹೋಗುತ್ತದೆ. ಮನೆ ಕೆಲಸಕ್ಕೆ ಬಂದವರ ನಂಬರನ್ನು ನಾವು ಸೇವ್ ಮಾಡುತ್ತೇವೆ, ವಿಳಾಸಕ್ಕಾಗಿ ಅವರು ನಮ್ಮದನ್ನು ಮಾಡಿಕೊಳ್ಳುತ್ತಾರೆ. ಅಂದರೆ ಅರೆಬರೆ ಗೊತ್ತಿರುವವರಲ್ಲಿ ನಮ್ಮ ವಿಳಾಸ ಮೊದಲೇ ಇರುತ್ತದೆ. ಅವರಿಗೆ ತಿಳಿಯದೆ ಇದ್ದಿದ್ದು ತಾರೀಕು ಒಂದೇ. ಅವರು ಕೆಟ್ಟವರಾಗಬೇಕಿಲ್ಲ, ಪಬ್ಬಿನಲ್ಲಿ ಮಾತಿಗೆ ಮಾತು ಬಂದು ಇನ್ನೊಬ್ಬರ ಕಿವಿಗೆ ಬಿದ್ದರೂ ಸಾಕು.

ಅವತ್ತು ನಿದ್ದೆ ಬಾರದೆ ಹೋಗಿದ್ದಕ್ಕೆ ಇನ್ನೊಂದು ಕಾರಣ ಇತ್ತು. ಕಸ್ಟಮ್ಸ್ ತಂಟೆ ಯಾಕೆ ಅಂತ ಅಜ್ಜಿಯ ಅವಲಕ್ಕಿ ಸರವನ್ನು ರೆಡಿಂಗ್‌ನ ಬೀರುವಿನಲ್ಲೇ ಬಿಟ್ಟು ಬಂದಿದ್ದೆವು. ಭಾರತೀಯರ ಮನೆಯಲ್ಲಿ ಚಿನ್ನ ಇರುತ್ತೆ ಅನ್ನೋದು ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಪೊಲೀಸರೇ ಅದರ ಬಗ್ಗೆ ಎಚ್ಚರಿಕೆ ಕೊಡುತ್ತಾರೆ. ಇನ್ಶೂರೆನ್ಸ್ ಇದೆಯಲ್ಲ ಅಂತ ಮೇಲ್ ತೆರೆದು ಪಾಲಿಸಿ ಓದಿದರೆ ಒಂದೇ ವಸ್ತುವಿಗೆ ಇಷ್ಟೇ ಅಂತ ಮಿತಿ, ಸರವನ್ನು ಬೇರೆಯಾಗಿ ನಮೂದಿಸಿರಲಿಲ್ಲ. ಜೊತೆಗೆ 30 ದಿನಕ್ಕಿಂತ ಹೆಚ್ಚು ಮನೆ ಖಾಲಿ ಇದ್ದರೆ ಕಳ್ಳತನದ ರಕ್ಷಣೆ ನಿಲ್ಲುತ್ತದೆ ಅಂತ ಇನ್ನೊಂದು ಸಾಲು. ಕೆಲವು ಪಾಲಿಸಿಗಳಲ್ಲಿ ಇದು 60 ದಿನ. ನಮ್ಮದು 37 ರಾತ್ರಿಗಳ ಪ್ರವಾಸ! ಕೊನೆಯ ಒಂದು ವಾರಕ್ಕೆ ಯಾವ ಆಧಾರವೂ ಇರಲಿಲ್ಲ.

ಸ್ಟೇಟಸ್ ಅಳಿಸಿದೆವು, ಎದುರು ಮನೆಯವರಿಗೆ ಫೋನ್ ಮಾಡಿದೆವು. ದೇವರ ದಯೆ, ಏನೂ ಆಗಲಿಲ್ಲ. ಆದರೆ 24 ಗಂಟೆಯಲ್ಲಿ ತಾನಾಗಿ ಅಳಿದುಹೋಗುತ್ತದೆ ಅನ್ನುವ ಸಮಾಧಾನ ಸುಳ್ಳು. ಸ್ಟೇಟಸ್ ಹೋಗುತ್ತದೆ, ಓದಿದವರ ತಲೆಯಲ್ಲಿ 30ನೇ ತಾರೀಕು ಉಳಿಯುತ್ತದೆ.

ಹೋದ ವರ್ಷ ಮತ್ತೆ ಊರಿಗೆ ಹೋದಾಗ, ವಾಪಸ್ ಬರೋವರೆಗೂ ಒಂದೂ ಫೋಟೋ ಹಾಕಬಾರದು ಅಂತ ತೀರ್ಮಾನಿಸಿದೆವು. ಹೇಳಿದಷ್ಟು ಸುಲಭ ಅಲ್ಲ. ನಾವು ಹಾಕದಿದ್ದರೂ ಬೇರೆಯವರು ಹಾಕುತ್ತಾರೆ. ಅಣ್ಣನ ಮಗ ಗೊರೂರು ಡ್ಯಾಮಿನ ಮುಂದೆ ತೆಗೆದ ಫೋಟೋಗೆ ನಮ್ಮನ್ನು ಟ್ಯಾಗ್ ಮಾಡಿದ. ಫೇಸ್‌ಬುಕ್‌ನ "Profile and tagging" ಅನ್ನುವಲ್ಲಿ, ಟ್ಯಾಗ್ ಮಾಡಿದ್ದನ್ನು ನಾವು ಒಪ್ಪಿದ ಮೇಲೆಯೇ ನಮ್ಮ ಪುಟದಲ್ಲಿ ಕಾಣುವ ಹಾಗೆ ಇಟ್ಟುಕೊಳ್ಳಬಹುದು. ಆದರೆ ಅವನ ಪುಟದಲ್ಲಿ ಅದು ಇದ್ದೇ ಇರುತ್ತದೆ. ಅದಕ್ಕೆ ಸೆಟ್ಟಿಂಗ್ ಸಾಲದು, ಬಾಯಿಬಿಟ್ಟು ಹೇಳಬೇಕು. ಮಗಳ ಸ್ನ್ಯಾಪ್‌ಚಾಟ್ ಮ್ಯಾಪಿನಲ್ಲಿ ಅವಳ ಬೊಂಬೆ ಹಾಸನದ ಮೇಲೇ ನಿಂತಿತ್ತು, ಹೊರಡುವ ಮುಂಚೆಯೇ "Ghost Mode" ಹಾಕಿಸಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾಗಿದ್ದು ಅಮ್ಮನಿಗೆ ಹೇಳೋದು. "ಎಲ್ರ ಮಕ್ಕಳೂ ಹಾಕ್ತಾರೆ, ನಿಂಗೆ ನಮ್ ಜೊತೆ ಇರೋ ಫೋಟೋ ಹಾಕಕ್ಕೆ ನಾಚಿಕೆನಾ?" ಅಂದುಬಿಟ್ಟರು. ಬಾಗಿಲು ಹಾಕಿದ ಮನೆ, ಅಜ್ಜಿಯ ಸರ ಅಂತೆಲ್ಲ ಬಿಡಿಸಿ ಹೇಳಿದ ಮೇಲೆ, "ಅಯ್ಯೋ, ಹಂಗಾದ್ರೆ ಬೇಡ ಕಣಪ್ಪ" ಅಂತ ಅವರೇ ಉಳಿದವರಿಗೂ ಹೇಳತೊಡಗಿದರು. ದಿನದ ಫೋಟೋಗಳನ್ನು 14 ಜನರ ಮನೆಯವರ ಗ್ರೂಪಿಗೆ ಮಾತ್ರ ಹಾಕುತ್ತಿದ್ದೆವು. ಸ್ಟೇಟಸ್ ಹಾಕಲೇಬೇಕು ಅನ್ನುವವರು ಸ್ಟೇಟಸ್ ಪ್ರೈವೆಸಿಯಲ್ಲಿ "Only share with..." ಆರಿಸಿ, ಬೇಕಾದವರ ಹೆಸರು ಮಾತ್ರ ಗುರುತು ಮಾಡಿಕೊಳ್ಳಿ. "My contacts except..." ನಂಬಬೇಡಿ, ಮುಂದಿನ ತಿಂಗಳು ಸೇವ್ ಮಾಡುವ ಹೊಸ ನಂಬರು ಆ ಹೊರಗಿಟ್ಟವರ ಪಟ್ಟಿಯಲ್ಲಿ ಇರುವುದಿಲ್ಲ.

ನಮ್ಮವರ ದೊಡ್ಡ ಗ್ರೂಪುಗಳ ಬಗ್ಗೆಯೂ ಒಂದು ಮಾತು. "ಈ ವಾರ ಬೆಂಗಳೂರಿಗೆ ಹೋಗೋರು ಯಾರಿದ್ದೀರಾ? ಒಂದು ಔಷಧಿ ಕಳಿಸಬೇಕಿತ್ತು" ಅಂತ ಯಾರಾದರೂ ಕೇಳಿದ ಕೂಡಲೇ "ನಾವು 22ಕ್ಕೆ ಹೊರಡ್ತಿದೀವಿ, ಫ್ಯಾಮಿಲಿ ಸಮೇತ" ಅಂತ ಇನ್ನೂರು ಮುನ್ನೂರು ಜನರ ಮುಂದೆ ಉತ್ತರ ಕೊಡುತ್ತೇವೆ. ಸಹಾಯ ಮಾಡೋಣ, ಖಂಡಿತ. ಕೇಳಿದವರಿಗೆ ಮಾತ್ರ ಬೇರೆಯಾಗಿ ಬರೆಯೋಣ.

ವಾಪಸ್ ಬಂದಿದ್ದು ಅಂದರೆ ಯಾವಾಗ ಅನ್ನೋದರಲ್ಲೂ ಎಡವುತ್ತೇವೆ. ಹೋದ ಸಲ ನಾವು ಮೊದಲು ಬಂದು ಕೆಲಸಕ್ಕೆ ಹೋಗತೊಡಗಿದೆವು. ಮನೆಯವರು, ಮಕ್ಕಳು ಬಂದಿದ್ದು ಎರಡು ವಾರ ತಡವಾಗಿ. ಆ ಎರಡು ವಾರವೂ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆ ಖಾಲಿ. ಆದ್ದರಿಂದ ನಮ್ಮ ಲೆಕ್ಕ ಹೀಗೆ: ಕೊನೆಯವರು ಬಂದು ಸೂಟ್‌ಕೇಸು ಇಳಿಸಿದ ಮೇಲೆ ಮೊದಲ ಫೋಟೋ.

ಇದರಿಂದ ಮನೆ ಖಾಲಿ ಅನ್ನೋದು ಪೂರ್ತಿ ಮುಚ್ಚಿಹೋಗುತ್ತದೆ ಅಂತಲ್ಲ. ಎರಡು ವಾರದಿಂದ ರಸ್ತೆಯಂಚಲ್ಲೇ ನಿಂತ ಕಸದ ಬಿನ್, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಪತ್ರಗಳು ಬೀದಿಯಲ್ಲಿ ಹೋಗುವವರಿಗೆ ಅದನ್ನೇ ಹೇಳುತ್ತವೆ. ಅದಕ್ಕೆ ಎದುರು ಮನೆಯವರೇ ಗತಿ. ಬೀದಿಯಲ್ಲಿ ಎಂದೂ ನಡೆಯದವರಿಗೆ ಸುದ್ದಿ ಮುಟ್ಟಿಸುವುದು ಮಾತ್ರ ನಾವು ಹಾಕುವ ಫೋಟೋ, ಅದು ನಮ್ಮ ಕೈಯಲ್ಲೇ ಇದೆ.

ಹೋದ ಸೆಪ್ಟೆಂಬರಿನಲ್ಲಿ ಎಲ್ಲರೂ ಬಂದ ಮೊದಲ ಭಾನುವಾರ, 40 ಫೋಟೋಗಳನ್ನು ಒಟ್ಟಿಗೆ ಹಾಕಿದೆವು. ಸೋಫಾದವರು ಅದನ್ನೂ ನೋಡಿ, "ಓ, ಊರಿಗೆ ಹೋಗಿದ್ರಾ? ಗೊತ್ತೇ ಆಗಲಿಲ್ಲ" ಅಂತ ಬರೆದರು. ಓದಿ ಇಬ್ಬರೂ ನಕ್ಕೆವು.