ಘಟಿಕೋತ್ಸವದ ಮಾತು ಕನ್ನಡದಲ್ಲಿ

ದುಬೈಯಲ್ಲಿ ಪದವಿ ಪಡೆದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅಜ್ಜಿಗಾಗಿ, ಅವನ ಕಾಲೇಜಿನ ಡೀನ್ ಅವರ ಭಾಷಣವನ್ನು ನಾವು ಕನ್ನಡಕ್ಕೆ ತಂದೆವು.

‘ಗ್ರಾಜುಯೇಷನ್’ಗೆ ‘ಘಟಿಕೋತ್ಸವ’ ಎಂಬ ಗಂಭೀರ ಪದ ಸಿದ್ಧವಾಗಿತ್ತು. ಕದಂಬರ ಮಯೂರಶರ್ಮನು ಓದಲು ಕಂಚಿಯ ‘ಘಟಿಕೆ’ಗೆ ಹೋದನೆಂದು ತಾಳಗುಂದ ಶಾಸನ ಹೇಳುತ್ತದೆ. ಘಟಿಕೆಯೆಂದರೆ ವಿದ್ಯಾಕೇಂದ್ರ.

ಕಷ್ಟವಾದದ್ದು ಲಯ. ‘ಗೋ ಲರ್ನ್, ಗೋ ಸರ್ವ್, ಗೋ ಬಿಲ್ಡ್’ ಎಂದು ಡೀನ್ ಮುಗಿಸಿದ್ದರು. ‘ಹೋಗಿ ಕಲಿಯಿರಿ, ಹೋಗಿ ಸೇವೆ ಸಲ್ಲಿಸಿ’ ಎಂದು ಬರೆದು ಗಟ್ಟಿಯಾಗಿ ಓದಿದಾಗ ಗದರಿದಂತೆ ಕೇಳಿಸಿತು. ಕನ್ನಡದಲ್ಲಿ ವಾಕ್ಯದ ಭಾರ ಕೊನೆಯ ಕ್ರಿಯಾಪದದ ಮೇಲೆ ಬೀಳುತ್ತದೆ. ಮೇಲಾಗಿ, ಹೊರಟವರಿಗೆ ನಾವು ಬರೀ ‘ಹೋಗಿ’ ಎನ್ನುವುದಿಲ್ಲ, ‘ಹೋಗಿ ಬನ್ನಿ’ ಎನ್ನುತ್ತೇವೆ. ಆದ್ದರಿಂದ ಪುನರಾವರ್ತನೆಯನ್ನು ಕೊನೆಗೆ ತಂದೆವು: ‘ಕಲಿತು ಬನ್ನಿ, ದುಡಿದು ಬನ್ನಿ, ಕಟ್ಟಿ ಬನ್ನಿ.’

ಡೀನ್ ಹೇಳದಿದ್ದ ‘ಮರಳಿ ಬನ್ನಿ’ ಎಂಬ ಅರ್ಥವೂ ಸೇರಿಕೊಂಡಿತು. ಅಜ್ಜಿ ಆ ಸಾಲನ್ನೇ ಎರಡು ಸಲ ಓದಿಸಿಕೊಂಡರು.