ಮುರಿದ ಬೆಂಚು, ಇಪ್ಪತ್ತಮೂರು ಫೋಟೊ, ಒಂದು ಮನವಿ

ಬೆಂಚಿನ ಮೊಳೆಗೆ ಸಿಕ್ಕಿ ಮಗಳ ಲಂಗ ಹರಿದಿದೆ ಎಂದು ಒಬ್ಬ ತಾಯಿ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಹಾಕುತ್ತಾರೆ. ರಾತ್ರಿ ಊಟ ಮುಗಿಯುವಷ್ಟರಲ್ಲಿ ಅದರ ಹಿಂದೆಯೇ ಇನ್ನಷ್ಟು ಬಂದು ಬೀಳುತ್ತವೆ. ಕಾಲು ಮುರಿದ ಬೆಂಚು, ಹಲಗೆ ಸೀಳಿದ ಬೆಂಚು, ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚು. ‘ಹೆಡ್ ಮಾಸ್ಟ್ರಿಗೆ ಒಂದು ಅರ್ಜಿ ಕೊಡೋಣ’ ಎಂದು ಯಾರೋ ಬರೆದರೆ ಉಳಿದವರೆಲ್ಲ ಹೆಬ್ಬೆರಳು ಎತ್ತುತ್ತಾರೆ. ಮರುದಿನ ಅರ್ಜಿ ಸಿದ್ಧ: ‘ಶಾಲೆಯ ಬೆಂಚುಗಳು ಮುರಿದಿದ್ದು ಮಕ್ಕಳಿಗೆ ತುಂಬಾ ತೊಂದರೆಯಾಗುತ್ತಿದೆ. ಕೂಡಲೇ ದುರಸ್ತಿ ಮಾಡಿಸಬೇಕಾಗಿ ವಿನಂತಿ.’

ಇದರಲ್ಲಿ ಸುಳ್ಳೇನಿಲ್ಲ. ಆದರೆ ಇದನ್ನು ಕೈಯಲ್ಲಿ ಹಿಡಿದುಕೊಂಡು ಮುಖ್ಯೋಪಾಧ್ಯಾಯರು ಮಾಡುವುದಕ್ಕೂ ಏನಿಲ್ಲ. ಬೆಂಚು ಮುರಿದಿರುವುದು ಅವರಿಗೆ ನಮಗಿಂತ ಮೊದಲೇ ಗೊತ್ತು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು ದುರಸ್ತಿಗೆ ಹಣ ಖರ್ಚು ಮಾಡಬೇಕಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಮುಂದೆ ವಿಷಯ ಇಟ್ಟು ನಡಾವಳಿ ಬರೆಸಬೇಕು. ಪೋಷಕರ ಪತ್ರ ಆ ಸಭೆಯಲ್ಲಿ ಓದಲು ಯೋಗ್ಯವಾಗಿದ್ದರೆ ಕೆಲಸ ಅರ್ಧ ಆದಂತೆ. ಎಷ್ಟು ಬೆಂಚು, ಯಾವ ಕೋಣೆ, ಯಾವ ಬಗೆಯ ಹಾನಿ ಎಂಬುದು ಅದರಲ್ಲಿ ಇಲ್ಲದಿದ್ದರೆ ‘ನೋಡೋಣ’ ಎಂಬ ಉತ್ತರದಾಚೆಗೆ ಅದು ಹೋಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನೂರ ನಲವತ್ತು ಮಕ್ಕಳಿರುವ ಒಂದು ಹಿರಿಯ ಪ್ರಾಥಮಿಕ ಶಾಲೆ, ಗುಂಪಿನಲ್ಲಿ 23 ಫೋಟೊ. ಮೊದಲ ಕೆಲಸ ಪತ್ರ ಬರೆಯುವುದಲ್ಲ, ಈ ಫೋಟೊಗಳು ಎಷ್ಟು ಬೆಂಚಿನವು ಎಂದು ಬಿಡಿಸಿ ನೋಡುವುದು. ಒಂದೇ ಬೆಂಚನ್ನು ಮೂವರು ಮೂರು ಕಡೆಯಿಂದ ತೆಗೆದಿರುತ್ತಾರೆ. ಹಲಗೆಯ ಮೇಲೆ ಮಕ್ಕಳು ಕೊರೆದ ಹೆಸರು, ಶಾಯಿಯ ಕಲೆ, ಸೀಳು ಹೋದ ದಿಕ್ಕು, ಇವನ್ನು ಹೋಲಿಸಿದರೆ ಜೋಡಿಗಳು ತಾವಾಗಿ ಸಿಗುತ್ತವೆ.

ಯಾವಾಗ ತೆಗೆದದ್ದು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಫೋನಿನಲ್ಲಿ `IMG-20250618-WA0007.jpg` ಎಂಬಂಥ ಹೆಸರಿನಲ್ಲಿ ಉಳಿಯುತ್ತದೆ. ಅದರೊಳಗಿನ 20250618 ನೋಡಿ ಜೂನ್ 18ರಂದು ತೆಗೆದದ್ದು ಎಂದು ಅನೇಕರು ತಿಳಿಯುತ್ತಾರೆ. ಅದು ಫೋಟೊ ಆ ಫೋನಿಗೆ ಬಂದ ದಿನ, ಅಷ್ಟೆ. ಕ್ಯಾಮೆರಾ ಬರೆದಿಟ್ಟ ನಿಜವಾದ ದಿನಾಂಕ, ಸಮಯಗಳನ್ನು ವಾಟ್ಸ್ಆ್ಯಪ್ ಫೋಟೊ ಕಳಿಸುವಾಗಲೇ ತೆಗೆದುಹಾಕಿರುತ್ತದೆ. ಹೋದ ವರ್ಷದ ಚಿತ್ರವೂ ನಿನ್ನೆ ಯಾರಾದರೂ ಮುಂದಕ್ಕೆ ಕಳಿಸಿದ್ದರೆ ನಿನ್ನೆಯ ಹೆಸರನ್ನೇ ಹೊತ್ತು ಬರುತ್ತದೆ. ತೆಗೆದವರಿಂದಲೇ ಮೂಲ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಂಡರೆ ದಿನಾಂಕವೂ ಉಳಿಯುತ್ತದೆ, ಚಿತ್ರವೂ ಮಸುಕಾಗುವುದಿಲ್ಲ.

ನಮ್ಮ ಶಾಲೆಗಳಲ್ಲಿ ಇದಕ್ಕಿಂತ ಸುಲಭದ ಸಾಕ್ಷಿಯೊಂದಿದೆ: ಕಪ್ಪು ಹಲಗೆ. ಅದರ ಮೂಲೆಯಲ್ಲಿ ದಿನಾಂಕ, ತರಗತಿ, ಒಟ್ಟು ಮಕ್ಕಳು, ಹಾಜರು ಎಂದು ಬರೆಯುವ ರೂಢಿ ಇನ್ನೂ ಹೋಗಿಲ್ಲ. ಬೆಂಚಿನ ಹಿಂದೆ ಆ ಮೂಲೆ ಕಾಣುವ ಹಾಗೆ ಒಂದು ಫೋಟೊ ಇದ್ದರೆ ಯಾವ ಕೋಣೆ, ಯಾವ ದಿನ ಎಂಬ ಎರಡಕ್ಕೂ ಉತ್ತರ ಸಿಕ್ಕಿತು. ನಮ್ಮ ಉದಾಹರಣೆಯ ಮೂರು ಫೋಟೊಗಳಲ್ಲಿ ಗೋಡೆಗೆ ಹಳೆಯ ಬಣ್ಣವಿದೆ, ಬೇಸಿಗೆ ರಜೆಯಲ್ಲಿ ಅದೇ ಕೋಣೆಗೆ ಹೊಸ ಬಣ್ಣ ಬಳಿದದ್ದು ಎಲ್ಲರಿಗೂ ಗೊತ್ತು. ಆ ಮೂರನ್ನು ಪಕ್ಕಕ್ಕಿಡಬೇಕು. ಒಂದು ಹಳೆಯ ಚಿತ್ರ ಒಳಗೆ ಸೇರಿಕೊಂಡರೂ ಸಭೆಯ ಮಾತೆಲ್ಲ ಅದರ ಸುತ್ತಲೇ ತಿರುಗಿ, ಉಳಿದವೂ ಅನುಮಾನಕ್ಕೆ ಬೀಳುತ್ತವೆ. ಮಿಕ್ಕ ಇಪ್ಪತ್ತರಲ್ಲಿ ಕಾಣುವುದು ಒಂಬತ್ತು ಬೆಂಚು. ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಪತ್ರಕ್ಕೆ ಲಗತ್ತಿಸುವ ಮೊದಲು ಬೆಂಚಿನ ಮಟ್ಟಕ್ಕೆ ಕತ್ತರಿಸಬೇಕು. ಆ ಪತ್ರ ಮುಂದೆ ಯಾರ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಇಷ್ಟಾದರೂ ಫೋಟೊ ತೋರಿಸದ ಸಂಗತಿಗಳು ಉಳಿಯುತ್ತವೆ. ಬೆಂಚು ಅಲ್ಲಾಡುವುದು ಫೋಟೊದಲ್ಲಿ ಕಾಣುವುದಿಲ್ಲ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಇಬ್ಬರು ಪೋಷಕರು ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಕೋಣೆಗೆ ಹೋಗಿ ಬರುವುದು ಒಳ್ಳೆಯದು. ಸೀಮೆಸುಣ್ಣದಲ್ಲಿ ಬೆಂಚಿಗೊಂದು ನಂಬರು ಹಾಕಿ, ಎರಡೂ ತುದಿಗೆ ಅಂಗೈ ಒತ್ತಿ ಅಲ್ಲಾಡಿಸಿ ನೋಡಬೇಕು. ಕಬ್ಬಿಣದ ಚೌಕ ಪೈಪಿನ ಬೆಂಚಾದರೆ ಕಾಲು ಚೌಕಟ್ಟಿಗೆ ಸೇರುವ ಮೂಲೆಯನ್ನು ಗಮನಿಸಬೇಕು. ಅಲ್ಲಿ ಬಣ್ಣ ಬಿರಿದು ತುಕ್ಕಿನ ಸಣ್ಣ ಗೆರೆ ಮೂಡಿದ್ದರೆ ವೆಲ್ಡಿಂಗ್ ಬಿಡುತ್ತಿದೆ ಎಂದರ್ಥ, ಕಾಲು ಇನ್ನೂ ನೆಟ್ಟಗೆ ನಿಂತಿದ್ದರೂ ಸರಿ. ಪೈಪಿನ ತುದಿಯ ರಬ್ಬರ್ ಬುಷ್ ಬಿದ್ದುಹೋದ ಕಡೆ ನೆಲ ತೊಳೆದ ನೀರು ಒಳಗೇರಿ ಕಾಲು ಕೆಳಗಿನಿಂದ ತಿಂದುಹೋಗಿರುತ್ತದೆ. ಹಲಗೆಯ ಅಡಿಯಲ್ಲಿ ಬರಿ ಬೆರಳು ಆಡಿಸಬಾರದು. ಹಳೆ ಬಟ್ಟೆಯೊಂದನ್ನು ಎಳೆದರೆ ಎದ್ದ ಮೊಳೆ, ಸಿಬಿರು ಎಲ್ಲಿದೆ ಎಂದು ಅದೇ ಹೇಳುತ್ತದೆ.

ಹೀಗೆ ನೋಡಿದಾಗ ಲೆಕ್ಕ ಬದಲಾಯಿತೆನ್ನಿ. ಒಂಬತ್ತರಲ್ಲಿ ಒಂದನ್ನು ಆಗಲೇ ಸಾಮಾನಿನ ಕೋಣೆಗೆ ಸಾಗಿಸಿದ್ದಾರೆ. ಯಾರೂ ಫೋಟೊ ತೆಗೆಯದ ಎರಡು ಹೊಸದಾಗಿ ಸಿಕ್ಕಿವೆ. ತರಗತಿಯಲ್ಲಿರುವುದು ಒಟ್ಟು ಹತ್ತು. ಐದಕ್ಕೆ ಬೇಕಾದದ್ದು ಸುತ್ತಿಗೆ, ನಟ್ಟು, ಬೋಲ್ಟು. ಮೂರಕ್ಕೆ ವೆಲ್ಡಿಂಗ್. ಎರಡು ಮರದ ಬೆಂಚಿಗೆ ಗೆದ್ದಲು ಹಿಡಿದು ಒಳಗೆ ಟೊಳ್ಳಾಗಿದೆ, ಅವು ರಿಪೇರಿಗೆ ದಕ್ಕುವಂಥವಲ್ಲ. ಪತ್ರದ ತಿರುಳು ಈ ಮೂರು ಗುಂಪು. ಮೊದಲನೆಯದು ನಾಳೆಯೇ ಆಗುವ ಕೆಲಸ, ಎರಡನೆಯದಕ್ಕೆ ಹಣ ಬೇಕು, ಮೂರನೆಯದಕ್ಕೆ ಹಣದ ಜೊತೆ ಅನುಮತಿಯೂ ಬೇಕು. ಮೂರನ್ನೂ ‘ಕೂಡಲೇ’ ಎಂಬ ಒಂದೇ ಮಾತಿನಲ್ಲಿ ಕಟ್ಟಿದರೆ ನಾಳೆ ಆಗಬಹುದಾದದ್ದೂ ಅನುಮತಿಗೆ ಕಾಯುತ್ತ ಕೂರುತ್ತದೆ.

ಪತ್ರ ಹೀಗಿರಬಹುದು:

ದಿನಾಂಕ: 20-06-2025

ಇಂದ,
5 ಮತ್ತು 6ನೇ ತರಗತಿಯ ಮಕ್ಕಳ ಪೋಷಕರು

ಗೆ,
ಮುಖ್ಯೋಪಾಧ್ಯಾಯರು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ

ಮಾನ್ಯರೇ,

ವಿಷಯ: 5 ಮತ್ತು 6ನೇ ತರಗತಿ ಕೋಣೆಗಳ ಹತ್ತು ಬೆಂಚುಗಳ ದುರಸ್ತಿ ಕುರಿತು.

ತಮ್ಮ ಅನುಮತಿಯಂತೆ ದಿನಾಂಕ 19-06-2025ರ ಸಂಜೆ ನಮ್ಮಲ್ಲಿ ಇಬ್ಬರು ಈ ಎರಡು ಕೋಣೆಗಳ ಬೆಂಚುಗಳನ್ನು ನೋಡಿರುತ್ತೇವೆ. 1ರಿಂದ 5ನೇ ನಂಬರಿನ ಬೆಂಚುಗಳಲ್ಲಿ ಮೊಳೆ ಎದ್ದಿದೆ ಅಥವಾ ಬೋಲ್ಟ್ ಬಿದ್ದುಹೋಗಿದೆ. 6, 7, 8ರ ಕಾಲಿನ ವೆಲ್ಡಿಂಗ್ ಬಿಟ್ಟಿದೆ. 9 ಮತ್ತು 10ಕ್ಕೆ ಗೆದ್ದಲು ಹಿಡಿದಿದ್ದು ಕೂರಲು ಯೋಗ್ಯವಾಗಿಲ್ಲ. ನಂಬರಿನ ಪ್ರಕಾರ ಫೋಟೊಗಳನ್ನು ಲಗತ್ತಿಸಿದೆ.

ಮೊದಲ ಐದನ್ನು ಈ ವಾರದಲ್ಲೇ ಸರಿಪಡಿಸಬೇಕೆಂದೂ, 6ರಿಂದ 10ರವರೆಗಿನವನ್ನು ಅಲ್ಲಿಯವರೆಗೆ ತರಗತಿಯಿಂದ ಹೊರಗಿಡಬೇಕೆಂದೂ, ಅವುಗಳ ದುರಸ್ತಿ ಹಾಗೂ ಬದಲಿ ವ್ಯವಸ್ಥೆಯನ್ನು ಮುಂದಿನ ಎಸ್‌ಡಿಎಂಸಿ ಸಭೆಯ ಮುಂದೆ ಇಡಬೇಕೆಂದೂ ಕೋರುತ್ತೇವೆ. ಸಭೆಯ ದಿನಾಂಕ ತಿಳಿಸಿದರೆ ನಮ್ಮಲ್ಲಿ ಒಬ್ಬರು ಬಂದು ವಿವರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಪೋಷಕರ ಸಹಿ, ಮಗುವಿನ ತರಗತಿ)

ಲಗತ್ತು: ಹತ್ತು ಫೋಟೊ
ಪ್ರತಿ: ಅಧ್ಯಕ್ಷರು, ಎಸ್‌ಡಿಎಂಸಿ

ಇದರಲ್ಲಿ ಯಾರ ಮೇಲೂ ದೂರಿಲ್ಲ. ‘ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಂಡಿಲ್ಲ’ ಎಂಬ ಸಾಲನ್ನು ಸೇರಿಸಬೇಕೆಂದು ಗುಂಪಿನಲ್ಲಿ ಒಬ್ಬರಾದರೂ ಹಟ ಹಿಡಿಯುತ್ತಾರೆ. ಆ ಸಾಲು ಬಂದರೆ ಮುಖ್ಯೋಪಾಧ್ಯಾಯರು ಅದಕ್ಕೆ ಸಮಜಾಯಿಷಿ ಬರೆಯಲು ಕೂರುತ್ತಾರೆ, ಬೆಂಚು ಅಲ್ಲೇ ಇರುತ್ತದೆ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಲೆಯ ಮೊಹರು, ಸಹಿ, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಬೇಕು. ಆವಕ ಸಂಖ್ಯೆ ಕೊಟ್ಟರೆ ಇನ್ನೂ ಒಳ್ಳೆಯದು. ಸಭೆಯ ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಎರಡನೇ ಪತ್ರದಲ್ಲಿ ಉಲ್ಲೇಖವಾಗಿ ಹಾಕಲು ಅದು ಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಬಾಗಿಲು ಅದರ ನಂತರದ್ದು.

ಎಸ್‌ಡಿಎಂಸಿಗೆ ಪ್ರತಿ ಕಳಿಸುವುದು ಬರೀ ಮರ್ಯಾದೆಗಲ್ಲ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಗುತ್ತಿದೆ ಎಂದು ನೋಡುವುದೂ ಅದರ ಕೆಲಸ. ಅಂದರೆ ಪತ್ರ ಬರೆದವರ ಅಕ್ಕಪಕ್ಕದ ಮನೆಯವರೇ ಅದನ್ನು ಓದಿ ತೀರ್ಮಾನಿಸುವವರು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ಪ್ರತಿ ಹೋಗಬೇಕಾದದ್ದು ಆಡಳಿತ ಮಂಡಳಿಗೆ.

ಹಣದ ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ದಾಖಲಾತಿಗೆ ತಕ್ಕಂತೆ ವಾರ್ಷಿಕ ಶಾಲಾ ಅನುದಾನವಿದೆ. 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿ. ಕೇಳಲು ದೊಡ್ಡದಾಗಿ ಕಂಡರೂ ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಮೀಸಲು. ಮಿಕ್ಕದ್ದರಲ್ಲಿ ಕರೆಂಟ್ ಬಿಲ್ಲು, ನೀರು, ಸೀಮೆಸುಣ್ಣ, ಕಟ್ಟಡದ ಸಣ್ಣಪುಟ್ಟ ದುರಸ್ತಿ ಎಲ್ಲವೂ ಆಗಬೇಕು. ಹಣ ಯಾವ ತಿಂಗಳಲ್ಲಿ ಖಾತೆಗೆ ಬೀಳುತ್ತದೆ ಎಂಬುದು ಮುಖ್ಯೋಪಾಧ್ಯಾಯರ ಕೈಯಲ್ಲಿಲ್ಲ. ಮೂರು ಬೆಂಚಿನ ವೆಲ್ಡಿಂಗ್ ಈ ದುಡ್ಡಿನಲ್ಲಿ ನಿಭಾಯಿಸಬಹುದು. ಹೊಸ ಬೆಂಚು ಕೇಳಿದರೆ ಗ್ರಾಮ ಪಂಚಾಯಿತಿಯನ್ನೋ ಹಳೆಯ ವಿದ್ಯಾರ್ಥಿಗಳನ್ನೋ ನೋಡಬೇಕಾದೀತು. ‘ದುರಸ್ತಿ’, ‘ಬದಲಿ’ ಎರಡನ್ನೂ ಪತ್ರದಲ್ಲಿ ಬೇರೆ ಬೇರೆಯಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಗೆದ್ದಲು ತಿಂದ ಆ ಎರಡು ಬೆಂಚುಗಳನ್ನು ಹೊರಗೆ ಎಸೆಯುವುದಕ್ಕೇನು ಕಷ್ಟ ಎಂದು ಪೋಷಕರು ಕೇಳುವುದುಂಟು. ಶಾಲೆಯ ಪ್ರತಿ ಬೆಂಚೂ ದಾಸ್ತಾನು ವಹಿಯಲ್ಲಿ ಲೆಕ್ಕಕ್ಕೆ ಸೇರಿದೆ. ನಿರುಪಯುಕ್ತ ಎಂದು ಬರೆದು, ಒಪ್ಪಿಗೆ ಪಡೆದು ವಿಲೇವಾರಿ ಮಾಡದೆ ಒಂದು ಕಾಲನ್ನೂ ಗುಜರಿಗೆ ಹಾಕುವಂತಿಲ್ಲ. ತಪಾಸಣೆಯ ದಿನ ಲೆಕ್ಕ ತಪ್ಪಿದರೆ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯರು. ಎಷ್ಟೋ ಶಾಲೆಗಳಲ್ಲಿ ಒಂದು ಕೋಣೆ ಮುರುಕು ಸಾಮಾನಿಗೇ ಮೀಸಲಾಗಿರುವುದು ಸೋಮಾರಿತನದಿಂದಲ್ಲ, ಈ ಭಯದಿಂದ. 9 ಮತ್ತು 10ನೇ ಬೆಂಚನ್ನು ನಿರುಪಯುಕ್ತ ಎಂದು ನಮೂದಿಸಲು ಸಮಿತಿಯೇ ಅದೇ ಸಭೆಯಲ್ಲಿ ನಡಾವಳಿ ಬರೆದರೆ ಅವರ ಹೆಗಲು ಹಗುರಾಗುತ್ತದೆ.

ಕೆಲಸ ಒಪ್ಪಿಗೆಯಾದ ಮೇಲೆ ಪೋಷಕರು ಇನ್ನೊಂದನ್ನು ಕೇಳಿಕೊಳ್ಳಬಹುದು: ವೆಲ್ಡಿಂಗ್ ಆದ ದಿನ ಪೇಂಟ್ ಬಳಿಯುವ ಮೊದಲು ಹೇಳಿ ಕಳಿಸಿ. ಅಲ್ಲಲ್ಲಿ ಚುಕ್ಕೆ ಹಾಕಿ ಬಿಟ್ಟ ವೆಲ್ಡಿಂಗ್‌ಗೂ ಸುತ್ತಲೂ ಪೂರ್ತಿ ಹಾಕಿದ ವೆಲ್ಡಿಂಗ್‌ಗೂ ಇರುವ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ, ಬಣ್ಣ ಬಿದ್ದ ಮೇಲೆ ಕಾಣುವುದಿಲ್ಲ. ನಾಲ್ಕು ಮಕ್ಕಳು ಒತ್ತಿಕೊಂಡು ಕೂರುವ ಬೆಂಚಿನಲ್ಲಿ ಚುಕ್ಕೆ ವೆಲ್ಡಿಂಗ್ ಹೆಚ್ಚು ದಿನ ತಡೆಯುವುದಿಲ್ಲ. ಆ ದಿನ 6, 7, 8ರ ಮೂಲೆಗಳ ಫೋಟೊ ತೆಗೆದು ಹಳೆಯ ಪತ್ರದ ಪ್ರತಿಯೊಂದಿಗೆ ಇಟ್ಟುಕೊಂಡರೆ, ಬಿಲ್ಲು ಪಾವತಿಗೆ ಬಂದಾಗ ಸಮಿತಿಯ ಮುಂದೆ ಇಡಲು ಆಗುತ್ತದೆ.