ಸುದ್ದಿಯ ಸತ್ಯಾಸತ್ಯತೆ: ಪದವಿಪೂರ್ವ ವಿದ್ಯಾರ್ಥಿಗಳಿಗೆ ಒಂದು ಗಂಟೆಯ ಪಾಠ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಮೊಬೈಲ್ ಹಾಗೂ ಅಂತರ್ಜಾಲ ಸಂಪರ್ಕವಿದ್ದರೆ ಈ ಪಾಠವನ್ನು ನಡೆಸಬಹುದು. ಇದಕ್ಕೆ 2018ರ ಮಕ್ಕಳ ಕಳ್ಳರ ವದಂತಿಯೇ ಉದಾಹರಣೆ.

ಆ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ರಾಜ್ಯದಾದ್ಯಂತ ಹರಡಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ವಿದ್ಯಾರ್ಥಿಗಳು ಮೊದಲು ಇಂತಹ ವಿಡಿಯೊ ನೋಡಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು: ಚಿತ್ರೀಕರಿಸಿದವರು ಯಾರು? ಎಲ್ಲಿ? ಯಾವಾಗ? ವಿಡಿಯೊದೊಳಗೆ ಈ ಮೂರಕ್ಕೂ ಉತ್ತರವಿಲ್ಲವೆಂಬುದು ಆಗ ಅವರಿಗೇ ಮನವರಿಕೆಯಾಗುತ್ತದೆ.

ಎರಡನೆಯ ಹಂತದಲ್ಲಿ ವಿಡಿಯೊವನ್ನು ಸ್ಪಷ್ಟ ದೃಶ್ಯವಿರುವೆಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಗೂಗಲ್ ಲೆನ್ಸ್‌ನಲ್ಲಿ ಹುಡುಕಬೇಕು. ಅದೇ ಚಿತ್ರ ಹಿಂದೆ ಪ್ರಕಟವಾಗಿದ್ದರೆ ಅದರ ಮೂಲ ದೊರೆಯುವ ಸಾಧ್ಯತೆಯಿದೆ. ಈ ವಿಡಿಯೊದ ಮೂಲ ಪಾಕಿಸ್ತಾನದ ಕರಾಚಿ. ಅದು ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ನಟಿಸಿ ಚಿತ್ರೀಕರಿಸಿದ್ದಾಗಿತ್ತು. ಕೊನೆಯಲ್ಲಿ ಬೈಕ್ ಸವಾರರು ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಹರಡಿದ ಪ್ರತಿಯಲ್ಲಿ ಆ ಭಾಗವನ್ನು ಕತ್ತರಿಸಲಾಗಿತ್ತು.

ಆದರೆ ಈ ವಿಧಾನಕ್ಕೆ ಒಂದು ಮಿತಿಯಿದೆ. 2018ರ ಜುಲೈನಲ್ಲಿ ಹೈದರಾಬಾದಿನಿಂದ ಬೀದರ್ ಜಿಲ್ಲೆಗೆ ಬಂದಿದ್ದ ಯುವಕರ ಪೈಕಿ ಒಬ್ಬರು ಶಾಲಾ ಮಕ್ಕಳಿಗೆ ಚಾಕೊಲೇಟ್ ನೀಡಿದರು. ಅವರು ಮಕ್ಕಳ ಕಳ್ಳರೆಂಬ ಸಂದೇಶ ವಾಟ್ಸ್‌ಆ್ಯಪ್ ಮೂಲಕ ಮುರ್ಕಿ ಗ್ರಾಮಕ್ಕೆ ಅವರಿಗಿಂತ ಮೊದಲೇ ತಲುಪಿತು. ಅಲ್ಲಿ ರಸ್ತೆ ತಡೆದು ನಡೆಸಿದ ಹಲ್ಲೆಯಲ್ಲಿ ಒಬ್ಬರು ಮೃತಪಟ್ಟರು; ರಕ್ಷಿಸಲು ಬಂದ ಪೊಲೀಸರೂ ಗಾಯಗೊಂಡರು. ಯುವಕರು ಬಂದದ್ದು ನಿಜ, ಚಾಕೊಲೇಟ್ ಕೊಟ್ಟದ್ದೂ ನಿಜ. ಸುಳ್ಳಾಗಿದ್ದುದು ಅದಕ್ಕೆ ಕಟ್ಟಿದ ಅರ್ಥ ಮಾತ್ರ. ಅಂದಿನ ಘಟನೆಯನ್ನು ಅಂದೇ ಲೆನ್ಸ್‌ನಲ್ಲಿ ಹುಡುಕಿದರೆ ಏನೂ ದೊರೆಯದು.

ಆದ್ದರಿಂದ ಮೂರನೆಯ ಹಂತದಲ್ಲಿ ವಿದ್ಯಾರ್ಥಿಗಳು ಸಂದೇಶದ ಪ್ರತಿ ವಾಕ್ಯವನ್ನೂ ‘ಕಂಡದ್ದು’ ಮತ್ತು ‘ಊಹಿಸಿದ್ದು’ ಎಂಬ ಎರಡು ಅಂಕಣಗಳಲ್ಲಿ ಬರೆಯುತ್ತಾರೆ. ‘ಕಾರಿನಲ್ಲಿ ಅಪರಿಚಿತರಿದ್ದಾರೆ’ ಎಂಬುದು ಕಂಡದ್ದು. ‘ಅವರು ಕಳ್ಳರು’ ಎಂಬುದು ಊಹೆ. ಊಹೆಯನ್ನು ಫಾರ್ವರ್ಡ್ ಮಾಡುವಂತಿಲ್ಲ. ಅನುಮಾನ ಗಂಭೀರವಾಗಿದ್ದರೆ 112ಕ್ಕೆ ಕರೆ ಮಾಡಿ, ಕಂಡದ್ದನ್ನಷ್ಟೇ ತಿಳಿಸಬೇಕು.

ಸಂದೇಶದ ಮೇಲೆ ಕಾಣುವ ‘ಫಾರ್ವರ್ಡ್’ ಗುರುತಿನ ಅರ್ಥವನ್ನೂ ಇಲ್ಲಿಯೇ ತಿಳಿಸಬೇಕು. ಕಳುಹಿಸಿದವರು ಅದನ್ನು ಸ್ವತಃ ಬರೆದಿಲ್ಲವೆಂಬುದನ್ನಷ್ಟೇ ಅದು ಸೂಚಿಸುತ್ತದೆ. ಗುರುತು ಇದ್ದ ಮಾತ್ರಕ್ಕೆ ಸುದ್ದಿ ಸುಳ್ಳಲ್ಲ, ಇಲ್ಲದ ಮಾತ್ರಕ್ಕೆ ಸತ್ಯವೂ ಅಲ್ಲ.

ಗ್ರಾಮದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾನ್ಯ ಸದಸ್ಯರೂ ಇರುತ್ತಾರೆ. ಸದಸ್ಯರು ಫಾರ್ವರ್ಡ್ ಮಾಡಿದ ಸಂದೇಶವನ್ನು ಜನರು ಪಂಚಾಯಿತಿಯ ಮಾತೆಂದೇ ಭಾವಿಸುವುದರಿಂದ, ಪಾಠದ ದಿನ ಅವರೂ ವಿದ್ಯಾರ್ಥಿಗಳೊಂದಿಗೆ ಕುಳಿತು ಎರಡು ಅಂಕಣಗಳನ್ನು ಬರೆಯುವುದು ಸೂಕ್ತ.